ಪ್ರಾಸ ಬಿಡಬಹುದು, ಅರ್ಥ ಬಿಡಲಾಗದು: ಅರಬಿ ಹಾಡು ಇಂಗ್ಲಿಷಿಗೆ ಬರುವಾಗ

ರಬೀವುಲ್ ಅವ್ವಲ್ ತಿಂಗಳು ಬಂತೆಂದರೆ ನಮ್ಮ ಮಸೀದಿಗಳಲ್ಲಿ, ಮದ್ರಸಗಳಲ್ಲಿ ಸಲಾಮ್, ನಅತ್, ಖಸೀದಾಗಳ ದನಿ ಕೇಳಿಸುತ್ತದೆ. ಮಂಡ್ಯ ಸೀಮೆಯ ನಮಗೆ ಉರ್ದು ನಅತ್‌ಗಳು ಹೆಚ್ಚು ಪರಿಚಿತ. ಕರಾವಳಿಯ ನಮ್ಮ ಸಹೋದರರು ಇಮಾಮ್ ಬೂಸೀರಿಯವರ 'ಖಸೀದತುಲ್ ಬುರ್ದಾ'ವನ್ನು ಅರಬಿಯಲ್ಲೇ ಮಜ್ಲಿಸ್ ಕೂಡಿಸಿ ಹಾಡುತ್ತಾರೆ. ಆದರೆ ಈಗ ಕೆ.ಆರ್. ಪೇಟೆ, ಗೋವಿಂದನಹಳ್ಳಿ ಸುತ್ತಿನಲ್ಲೂ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾರೆ. ಗಲ್ಫ್ ಮತ್ತು ಬ್ರಿಟನ್‌ನಲ್ಲಿ ನೆಲೆಸಿದ ನಮ್ಮ ಕುಟುಂಬಗಳ ಮಕ್ಕಳಿಗಂತೂ ಉರ್ದುವೂ ದೂರ, ಕನ್ನಡವೂ ದೂರ. ಹೀಗಾಗಿ ಅದೇ ಹಾಡು, ಅದೇ ರಾಗ, ಆದರೆ ಮಾತು ಇಂಗ್ಲಿಷಿನಲ್ಲಿ ಬೇಕು ಎಂಬ ಬೇಡಿಕೆ ಎದ್ದಿದೆ. ಕೇಳಲು ಸುಲಭವಾದ ಈ ಕೆಲಸದಲ್ಲಿ ಏನನ್ನು ಉಳಿಸಬೇಕು, ಏನನ್ನು ಬಿಟ್ಟುಕೊಡಬೇಕು ಎಂಬ ತೀರ್ಮಾನ ಪ್ರತಿ ಸಾಲಿನಲ್ಲೂ ಎದುರಾಗುತ್ತದೆ. ತಪ್ಪು ತೀರ್ಮಾನವಾದರೆ ಮಕ್ಕಳು ಇಂಪಾಗಿ ಹಾಡುತ್ತಲೇ, ಮೂಲದಲ್ಲಿ ಇಲ್ಲದ ಒಂದು ಮಾತನ್ನು ಅಲ್ಲಾಹನ ಬಗ್ಗೆಯೋ ಪ್ರವಾದಿವರ್ಯರ(ಸ) ಬಗ್ಗೆಯೋ ನಂಬುತ್ತಾ ಹೋಗುತ್ತಾರೆ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇವೆ. ಇಲ್ಲಿ ಹೇಳುವುದೆಲ್ಲ ಮನುಷ್ಯರು ಕಟ್ಟಿದ ಹಾಡುಗಳ ವಿಷಯ. ಪವಿತ್ರ ಕುರ್‌ಆನ್ ಕಾವ್ಯವಲ್ಲ, ತಾನು ಕವಿಯ ಮಾತಲ್ಲವೆಂದು ಅದೇ ಹೇಳುತ್ತದೆ. ಅದನ್ನು ರಾಗಕ್ಕೆ ಹೊಂದಿಸಲು ಪದ ಬದಲಿಸುವ ಪ್ರಶ್ನೆಯೇ ಏಳುವುದಿಲ್ಲ. ನಮಾಝಿನ ವಚನಗಳೂ ಹಾಗೆಯೇ. ಹಾಡಿನ ಸ್ಥಾನ ಬೇರೆ. ಮಸೀದಿಯಲ್ಲಿ ಹಸ್ಸಾನ್ ಬಿನ್ ಸಾಬಿತ್(ರ) ಪ್ರವಾದಿವರ್ಯರ(ಸ) ಪರವಾಗಿ ಕವಿತೆ ಹೇಳುತ್ತಿದ್ದರು. ಕೆಲವು ಕವಿತೆಗಳಲ್ಲಿ ವಿವೇಕವಿದೆ ಎಂಬ ಹದೀಸ್ ಬುಖಾರಿಯಲ್ಲಿದೆ. ಆ ವಿವೇಕ ಭಾಷೆ ದಾಟುವಾಗ ಸೋರಿಹೋಗದಂತೆ ನೋಡಿಕೊಳ್ಳುವುದು ಹೇಗೆಂಬುದಷ್ಟೇ ನಮ್ಮ ಚರ್ಚೆ.

ಅರಬಿಗೆ ಪ್ರಾಸ ಏಕೆ ಸುಲಭ?

ಬುರ್ದಾದಲ್ಲಿ ಸುಮಾರು 160 ದ್ವಿಪದಿಗಳಿವೆ. ಹದಿಮೂರನೇ ಶತಮಾನದ ಈಜಿಪ್ಟಿನಲ್ಲಿ ಬೂಸೀರಿ ಇದನ್ನು ರಚಿಸಿದರು. ಮೊದಲ ದ್ವಿಪದಿಯಿಂದ ಕೊನೆಯ ದ್ವಿಪದಿಯವರೆಗೆ ಎಲ್ಲವೂ 'ಮಿ' ಎಂಬ ಒಂದೇ ಧ್ವನಿಯಲ್ಲಿ ಮುಗಿಯುತ್ತವೆ. ಅರಬಿಯ ಹಳೆಯ ಖಸೀದಾಗಳ ನಿಯಮವೇ ಹೀಗೆ: ಹಾಡು ಎಷ್ಟೇ ಉದ್ದವಿರಲಿ, ಅಂತ್ಯಪ್ರಾಸ ಒಂದೇ.

ಇದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ತಿಳಿಯಲು ಅರಬಿ ವ್ಯಾಕರಣ ಕಲಿಯಬೇಕಿಲ್ಲ. ಅಲ್ಲಾಹನ ಸುಂದರ ನಾಮಗಳನ್ನು ನೆನೆದರೆ ಸಾಕು. ರಹೀಮ್, ಕರೀಮ್, ಹಕೀಮ್, ಅಲೀಮ್, ಅಝೀಮ್, ಹಲೀಮ್. ಯಾರೂ ಪ್ರಾಸಕ್ಕಾಗಿ ಹುಡುಕಿ ಪಕ್ಕಪಕ್ಕ ಇಟ್ಟದ್ದಲ್ಲ, ಒಂದೇ ಅಚ್ಚಿನಲ್ಲಿ ಎರಕವಾದ್ದರಿಂದ ಅವು ತಾವಾಗಿಯೇ ಪ್ರಾಸವಾಗುತ್ತವೆ. ಅರಬಿಯಲ್ಲಿ ಮೂರು ಅಕ್ಷರಗಳ ಮೂಲವನ್ನು ಒಂದು ಅಚ್ಚಿಗೆ ಹಾಕಿದರೆ ಪದ ಹುಟ್ಟುತ್ತದೆ. ಅಚ್ಚು ಒಂದೇ ಆದರೆ ಪದದ ನಡಿಗೆಯೂ ಒಂದೇ. ಆಲಿಮ್, ಹಾಕಿಮ್, ಖಾದಿಮ್, ಝಾಲಿಮ್ ಎಂಬ ನಮಗೆ ಗೊತ್ತಿರುವ ಪದಗಳೂ ಇನ್ನೊಂದು ಅಚ್ಚಿನವು. ಇದರ ಜೊತೆಗೆ 'ನನ್ನ' ಎಂಬ ಅರ್ಥ ಕೊಡುವ 'ಈ' ಎಂಬ ಪ್ರತ್ಯಯ ಅರಬಿಯಲ್ಲಿ ಪದದ ಕೊನೆಗೆ ಅಂಟುತ್ತದೆ. ಕಲ್ಬ್ ಎಂದರೆ ಹೃದಯ, ಕಲ್ಬೀ ಎಂದರೆ ನನ್ನ ಹೃದಯ. ಹೀಗೆ ದುಆ ಮಾಡುವವನ ಪ್ರತಿ ಸಾಲೂ 'ನನ್ನ' ಎಂಬಲ್ಲಿ ಸಹಜವಾಗಿ ಬಂದು ನಿಲ್ಲುತ್ತದೆ.

ಇಂಗ್ಲಿಷಿನಲ್ಲಿ ಈ ಎರಡು ಅನುಕೂಲಗಳೂ ಇಲ್ಲ. ಮೇಲಿನ ನಾಮಗಳನ್ನೇ ಇಂಗ್ಲಿಷಿಗೆ ತಂದರೆ ಮರ್ಸಿಫುಲ್, ಜೆನರಸ್, ವೈಸ್, ನೋಯಿಂಗ್ ಎಂದಾಗುತ್ತದೆ. ಒಂದಕ್ಕೊಂದು ಪ್ರಾಸವಿಲ್ಲ. 'ಮೈ' ಎಂಬ ಪದ ನಾಮಪದದ ಮುಂದೆ ಬರುತ್ತದೆ, ಹಿಂದೆ ಅಲ್ಲ. ಆದ್ದರಿಂದ ಅರಬಿ ಕವಿಗೆ ಹೆಚ್ಚು ಶ್ರಮವಿಲ್ಲದೆ ದೊರೆತದ್ದನ್ನು ಇಂಗ್ಲಿಷ್ ಅನುವಾದಕ ದುಬಾರಿ ಬೆಲೆ ಕೊಟ್ಟು ಕೊಳ್ಳಬೇಕು. ಆ ಬೆಲೆಯನ್ನು ಅವನು ಅರ್ಥದ ಗಂಟಿನಿಂದಲೇ ತೆರುತ್ತಾನೆ.

ಲಯದ ಲೆಕ್ಕ: ಕನ್ನಡಿಗರಿಗೆ ಗೊತ್ತಿರುವ ದಾರಿ

ಲಯದ ವಿಷಯದಲ್ಲಿ ಕನ್ನಡ ಓದಿದವರಿಗೆ ಒಂದು ಅನುಕೂಲವಿದೆ. ಅರಬಿ ಛಂದಸ್ಸು ನಿಂತಿರುವುದು ಅಕ್ಷರ ಹ್ರಸ್ವವೋ ದೀರ್ಘವೋ ಎಂಬುದರ ಮೇಲೆ. ಶಾಲೆಯಲ್ಲಿ ನಾವೆಲ್ಲ ಲಘು, ಗುರು ಎಂದು ಗೆರೆ ಹಾಕಿ ಪ್ರಸ್ತಾರ ಮಾಡಿದ್ದೂ ಅದನ್ನೇ. ದೀರ್ಘಸ್ವರವಿದ್ದರೆ ಗುರು, ಮುಂದೆ ಒತ್ತಕ್ಷರವಿದ್ದರೆ ಗುರು, ಉಳಿದದ್ದು ಹೆಚ್ಚಾಗಿ ಲಘು. ಅರಬಿಯಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ.

ಬುರ್ದಾದ ಛಂದಸ್ಸಿನ ಹೆಸರು ಬಸೀತ್. ಅದರ ಅರ್ಧ ಸಾಲಿನ ಮೂಲ ವಿನ್ಯಾಸ ಹೀಗಿದೆ: ಗುರು ಗುರು ಲಘು ಗುರು, ಗುರು ಲಘು ಗುರು, ಮತ್ತೆ ಅದೇ ಇನ್ನೊಮ್ಮೆ. ಅಲ್ಲಲ್ಲಿ ಒಂದು ಗುರುವಿನ ಬದಲು ಲಘು ಬರಲು ಅವಕಾಶವಿದೆ. ಅರ್ಧ ಸಾಲಿಗೆ ಹೀಗೆ 14 ಅಕ್ಷರಗಳು, ಪೂರ್ತಿ ಸಾಲಿಗೆ 28. ಇಂಗ್ಲಿಷಿನ ಪ್ರಸಿದ್ಧ ಪದ್ಯಸಾಲಿನಲ್ಲಿ ಇರುವುದು 10 ಅಕ್ಷರ. ಬುರ್ದಾದ ಒಂದು ಸಾಲು ಇಂಗ್ಲಿಷಿನ ಸುಮಾರು ಮೂರು ಸಾಲಿನಷ್ಟು ಜಾಗ ಹಿಡಿಯುತ್ತದೆ.

ಇಂಗ್ಲಿಷ್ ಲಯದ ದಾರಿಯೇ ಬೇರೆ. ಅಲ್ಲಿ ಮುಖ್ಯವಾದದ್ದು ಅಕ್ಷರದ ಉದ್ದವಲ್ಲ, ಒತ್ತು. 'ಮರ್ಸಿ' ಎನ್ನುವಾಗ 'ಮರ್' ಮೇಲೆ ಒತ್ತು ಬೀಳುತ್ತದೆ, 'ಸಿ' ತೇಲಿಹೋಗುತ್ತದೆ. ಒತ್ತುಳ್ಳದ್ದು ಒಂದು, ಇಲ್ಲದ್ದು ಒಂದು ಎಂದು ಸರದಿಯಂತೆ ಬಂದರೆ ಇಂಗ್ಲಿಷ್ ಕಿವಿಗೆ ಹಿತ. ಆದರೆ ಅರಬಿಯಲ್ಲಿ ಎರಡು ಗುರು ಒಟ್ಟಿಗೆ ಬರುವುದು ಸಾಮಾನ್ಯ. ಆ ಎರಡನ್ನೂ ರಾಗ ಎಳೆಯುತ್ತದೆ. ಎಳೆಯುವ ಜಾಗದಲ್ಲಿ ಇಂಗ್ಲಿಷಿನ ತೇಲುವ ಅಕ್ಷರ ಕೂತರೆ ಹಾಡು ಕುಂಟುತ್ತದೆ.

ಬ್ರಿಟಿಷರ ಕಾಲದಲ್ಲಿ ಬಂಗಾಳದ ಸಿವಿಲ್ ಸರ್ವೀಸಿನಲ್ಲಿದ್ದ ಚಾರ್ಲ್ಸ್ ಲಯಲ್ ಹಳೆಯ ಅರಬಿ ಕವಿತೆಗಳ ಅನುವಾದವನ್ನು 1885ರಲ್ಲಿ ಪ್ರಕಟಿಸಿದರು. ಅವರು ಅರಬಿ ಛಂದಸ್ಸಿನ ನಡಿಗೆಯನ್ನೇ ಇಂಗ್ಲಿಷಿನ ಒತ್ತುಗಳಲ್ಲಿ ಅನುಕರಿಸಿದರು, ಅದಕ್ಕಾಗಿ ಏಕಪ್ರಾಸವನ್ನು ಕೈಬಿಟ್ಟರು. ಅದಕ್ಕೆ ಸ್ವಲ್ಪ ಮುಂಚೆ, 1881ರಲ್ಲಿ, ಜೇಮ್ಸ್ ರೆಡ್‌ಹೌಸ್ ಬುರ್ದಾವನ್ನು ಇಂಗ್ಲಿಷಿಗೆ ತಂದಾಗ ಗದ್ಯವನ್ನು ಆರಿಸಿಕೊಂಡರು, ಪ್ರಾಸ ಮತ್ತು ಲಯ ಎರಡನ್ನೂ ಬಿಟ್ಟರು. ಇಬ್ಬರದೂ ಓದುವುದಕ್ಕಾಗಿ ಮಾಡಿದ ಅನುವಾದ. ಹಾಡಲು ಮಾಡುವ ಅನುವಾದಕ್ಕೆ ಗದ್ಯದ ಈ ದಾರಿ ಇಲ್ಲ, ಏಕೆಂದರೆ ರಾಗ ಮೊದಲೇ ಗೊತ್ತಾಗಿದೆ. ಎಷ್ಟು ಸ್ವರವಿದೆಯೋ ಅಷ್ಟೇ ಅಕ್ಷರ ಬೇಕು, ಎಲ್ಲಿ ಎಳೆತವಿದೆಯೋ ಅಲ್ಲಿ ಎಳೆಯಬಲ್ಲ ಅಕ್ಷರ ಬೇಕು.

ನಾಲ್ಕು ಸಾಲಿನ ಒಂದು ಪ್ರಯೋಗ

ಮಾತನ್ನು ಸ್ಪಷ್ಟಪಡಿಸಲು ಒಂದು ಚಿಕ್ಕ ದುಆವನ್ನು ತೆಗೆದುಕೊಳ್ಳೋಣ. ಇದು ಯಾವ ಪ್ರಸಿದ್ಧ ಕವಿಯದ್ದೂ ಅಲ್ಲ, ಈ ಲೇಖನಕ್ಕೆಂದೇ ಸರಳ ಅರಬಿಯಲ್ಲಿ ಜೋಡಿಸಿದ ನಾಲ್ಕು ಸಾಲು.

ಅನ್ತ ಯಾ ರಹ್ಮಾನು ಹಸ್ಬೀ
ಫಹ್ದಿ ಕಲ್ಬೀ ಬಅ್‌ದ ಕರ್ಬೀ
ದಾಕ ಸದ್ರೀ ತಾಲ ದರ್ಬೀ
ಫಗ್ಫಿರಿಲ್ಲಾಹುಮ್ಮ ಝನ್ಬೀ

ಅರ್ಥ ಇಷ್ಟು: ಓ ರಹ್ಮಾನ್, ನನಗೆ ನೀನೇ ಸಾಕು. ನನ್ನ ಸಂಕಟದ ಬಳಿಕ ನನ್ನ ಹೃದಯಕ್ಕೆ ದಾರಿ ತೋರು. ನನ್ನ ಎದೆ ಇಕ್ಕಟ್ಟಾಗಿದೆ, ನನ್ನ ಹಾದಿ ಉದ್ದವಾಗಿದೆ. ಓ ಅಲ್ಲಾಹ್, ನನ್ನ ಪಾಪವನ್ನು ಕ್ಷಮಿಸು.

ಪ್ರತಿ ಸಾಲಿನಲ್ಲೂ 8 ಅಕ್ಷರಗಳಿವೆ. ವಿನ್ಯಾಸ ಗುರು ಲಘು ಗುರು ಗುರು, ಎರಡು ಸಲ. ಅರಬಿಯಲ್ಲಿ ಇದನ್ನು ರಮಲ್ ಎನ್ನುತ್ತಾರೆ. ಮಾತ್ರೆ ಎಣಿಸಿದರೆ ಮೂರು, ನಾಲ್ಕು, ಮೂರು, ನಾಲ್ಕು, ಒಟ್ಟು 14. ಇದು ನಮ್ಮ ಭಾಮಿನಿ ಷಟ್ಪದಿಯ ಚಿಕ್ಕ ಸಾಲಿನ ಲೆಕ್ಕವೇ! ಊರಿನ ಗಮಕಿಗಳು ಕುಮಾರವ್ಯಾಸ ಭಾರತ ಓದುವುದನ್ನು ಕೇಳಿದವರಿಗೆ ಈ ನಡಿಗೆ ಹೊಸದಲ್ಲ. ಆದ್ದರಿಂದ ಕನ್ನಡಕ್ಕೆ ತರುವುದಾದರೆ 'ನೀನೆ ಸಾಕೈ ಕರುಣೆಯೊಡೆಯನೆ, ನೊಂದ ಹೃದಯಕೆ ದಾರಿ ತೋರಿಸು' ಎಂದು ಅದೇ 14 ಮಾತ್ರೆಯಲ್ಲಿ, ಅದೇ ರಾಗದಲ್ಲಿ ಹೇಳಿಬಿಡಬಹುದು. ಇಂಗ್ಲಿಷಿನಲ್ಲಿ ಇಷ್ಟು ಸಲೀಸಲ್ಲ.

ಮೊದಲು ನಾಲ್ಕೂ ಸಾಲಿಗೆ ಒಂದೇ ಪ್ರಾಸ ಉಳಿಸುವ ಹಟದಿಂದ ಪ್ರಯತ್ನಿಸಿದರೆ ಏನಾಗುತ್ತದೆ ನೋಡೋಣ.

ಲಾರ್ಡ್ ಆಫ್ ಮರ್ಸಿ, ಅಟ್ ಮೈ ಸೈಡ್
ಗೈಡ್ ಮೈ ಹಾರ್ಟ್, ಮೈ ಟಿಯರ್ಸ್ ಹ್ಯಾವ್ ಡ್ರೈಡ್
ಟೈಟ್ ಮೈ ಚೆಸ್ಟ್, ದ ರೋಡ್ ಈಸ್ ವೈಡ್
ಸೋ ಫರ್ಗಿವ್ ಮೀ ಆಲ್ ಮೈ ಪ್ರೈಡ್

ಸೈಡ್, ಡ್ರೈಡ್, ವೈಡ್, ಪ್ರೈಡ್. ಕಿವಿಗೆ ತುಂಬಾ ಹಿತ, ಮಕ್ಕಳು ಒಂದೇ ದಿನದಲ್ಲಿ ಕಲಿತುಬಿಡುತ್ತಾರೆ. ಆದರೆ ಅರ್ಥದ ಕಡೆ ನೋಡಿ. ಮೊದಲ ಸಾಲಿನಲ್ಲಿ 'ನೀನೇ ಸಾಕು' ಎಂಬುದು ಹೋಗಿ 'ನನ್ನ ಪಕ್ಕದಲ್ಲಿ' ಎಂದಾಯಿತು. ಹಸ್ಬೀ ಎಂಬ ಪದ ನಮ್ಮ 'ಹಸ್ಬಿಯಲ್ಲಾಹು' ಎಂಬ ದಿಕ್ರಿನ ಪದ, ಅದರ ಹಿಂದೆ ತವಕ್ಕುಲ್ ಎಂಬ ಇಡೀ ಪಾಠವಿದೆ. ಅದು ಕಳೆದುಹೋದದ್ದಲ್ಲದೆ, ಪಕ್ಕದಲ್ಲಿ ನಿಂತ ಸಂಗಾತಿಯ ಚಿತ್ರವೊಂದು ಅಲ್ಲಾಹನ ಬಗ್ಗೆ ಮಗುವಿನ ಮನಸ್ಸಿನಲ್ಲಿ ಮೂಡುತ್ತದೆ. ಕುರ್‌ಆನ್ ಹೇಳುವ ಸಾಮೀಪ್ಯ ಬೇರೆ, ಈ ಚಿತ್ರ ಬೇರೆ. ಎರಡನೇ ಸಾಲಿನ ಒಣಗಿದ ಕಣ್ಣೀರು ಮೂಲದಲ್ಲಿ ಎಲ್ಲೂ ಇಲ್ಲ. ಮೂರನೇ ಸಾಲಿನಲ್ಲಿ ಉದ್ದದ ಹಾದಿ ಅಗಲವಾಯಿತು. ದೂರದ ಹಾದಿ ಕಷ್ಟ, ಅಗಲದ ಹಾದಿ ಅನುಕೂಲ, ಅಂದರೆ ಅರ್ಥವೇ ತಿರುಗಿ ನಿಂತಿತು. ನಾಲ್ಕನೇ ಸಾಲಿನ ನಷ್ಟ ಎಲ್ಲಕ್ಕಿಂತ ದೊಡ್ಡದು. ಮೂಲದಲ್ಲಿ ದಾಸನು ತನ್ನ ಪಾಪಕ್ಕೆ ಕ್ಷಮೆ ಕೇಳುತ್ತಾನೆ. ಇಲ್ಲಿ ಅವನು ಕೇಳುವುದು ಅಹಂಕಾರ ಎಂಬ ಒಂದೇ ಪಾಪಕ್ಕೆ. ಪ್ರಾಸದ ಆಸೆಗೆ ಇಸ್ತಿಗ್ಫಾರ್ ಚಿಕ್ಕದಾಗಿಬಿಟ್ಟಿತು.

ಗಮನಿಸಿ, ನಾಲ್ಕು ತಪ್ಪುಗಳೂ ಆಗಿರುವುದು ಸಾಲಿನ ಕೊನೆಯ ಭಾಗದಲ್ಲಿ. ಯಾವುದೇ ಪ್ರಾಸಬದ್ಧ ಅನುವಾದವನ್ನು ಪರೀಕ್ಷಿಸುವಾಗ ಮೊದಲು ನೋಡಬೇಕಾದ ಜಾಗ ಅದೇ. ಕೊನೆಯ ಪದಗಳನ್ನು ಮಾತ್ರ ಒಂದು ಕಾಗದದಲ್ಲಿ ಬರೆದು, ಪ್ರತಿಯೊಂದರ ಮುಂದೆ ಮೂಲದ ಯಾವ ಪದಕ್ಕೆ ಇದು ಬಂದಿದೆ ಎಂದು ಗುರುತಿಸುತ್ತಾ ಹೋದರೆ ಸಾಕು. ಮೂಲದ ಪದ ಸಿಗದಿದ್ದರೆ ಅದು ಪ್ರಾಸ ತಂದ ಪದ, ಕವಿ ಹೇಳಿದ ಪದವಲ್ಲ.

ಈಗ ಬೇರೆ ದಾರಿ ಹಿಡಿಯೋಣ. ನಾಲ್ಕು ಸಾಲಿನ ಪ್ರಾಸವನ್ನು ಬಿಟ್ಟು, ಕೊನೆಯ ಎರಡು ಸಾಲಿಗೆ ಮಾತ್ರ ಪ್ರಾಸ ಇಟ್ಟುಕೊಳ್ಳೋಣ.

ಲಾರ್ಡ್ ಆಫ್ ಮರ್ಸಿ, ಯೂ ಸಫೈಸ್ ಮೀ
ಆಫ್ಟರ್ ಸಾರೋ, ಗೈಡ್ ಮೈ ಹಾರ್ಟ್
ಟೈಟ್ ಮೈ ಚೆಸ್ಟ್, ದ ರೋಡ್ ಈಸ್ ಲಾಂಗ್
ಓ ಫರ್ಗಿವ್ ಮೀ ಆಲ್ ಮೈ ರಾಂಗ್

ಅರ್ಥ ಬಹುಮಟ್ಟಿಗೆ ಮರಳಿ ಬಂತು. 'ಸಫೈಸ್' ಎಂದರೆ ಸಾಕಾಗು. ಹಾದಿ ಮತ್ತೆ ಉದ್ದವಾಯಿತು. 'ರಾಂಗ್' ಎಂಬುದು 'ಪಾಪ'ಕ್ಕಿಂತ ಸ್ವಲ್ಪ ಹಗುರವಾದರೂ 'ಆಲ್' ಜೊತೆ ಸೇರಿ ಎಲ್ಲವನ್ನೂ ಒಳಗೊಳ್ಳುತ್ತದೆ. ಆದರೆ ಕೆಲಸ ಇನ್ನೂ ಮುಗಿದಿಲ್ಲ. ಇದನ್ನು ರಾಗದಲ್ಲಿ ಹಾಡಿ ನೋಡಬೇಕು.

ರಮಲ್ ನಡಿಗೆಯಲ್ಲಿ ನಾಲ್ಕನೇ ಅಕ್ಷರ ಗುರು, ರಾಗ ಅಲ್ಲಿ ಎಳೆಯುತ್ತದೆ. ಮೊದಲ ಸಾಲಿನಲ್ಲಿ ನಾಲ್ಕನೆಯದು 'ಮರ್ಸಿ'ಯ 'ಸಿ'. ಒತ್ತಿಲ್ಲದಿದ್ದರೂ 'ಸೀ' ಎಂದು ಎಳೆಯಬಹುದು. ಎರಡನೇ ಸಾಲಿನಲ್ಲಿ 'ಸಾರೋ' ಪದದ 'ರೋ', ಅದೂ ಚೆನ್ನಾಗಿ ಎಳೆಯುತ್ತದೆ. ಮೂರನೇ ಸಾಲಿನಲ್ಲಿ ನಾಲ್ಕನೇ ಅಕ್ಷರ 'ದ'. ಯಾವ ಅರ್ಥವೂ ಇಲ್ಲದ, ಇಂಗ್ಲಿಷಿನ ಅತಿ ಚಿಕ್ಕ ಪದ. ಹಾಡಿದರೆ 'ದಾ…' ಎಂದು ಗಾಯಕ ಅದರ ಮೇಲೆ ನಿಂತುಬಿಡುತ್ತಾನೆ, ಕೇಳುವವರಿಗೆ ನಗು ಬರುತ್ತದೆ. ಕಾಗದದ ಮೇಲೆ ಈ ದೋಷ ಕಾಣುವುದಿಲ್ಲ, ಬಾಯಲ್ಲಿ ಮಾತ್ರ ಗೊತ್ತಾಗುತ್ತದೆ. ಆದ್ದರಿಂದ ಆ ಸಾಲನ್ನು ಹೀಗೆ ತಿದ್ದಬೇಕು:

ಟೈಟ್ ಮೈ ಚೆಸ್ಟ್, ಮೈ ವೇ ಈಸ್ ಲಾಂಗ್

ಈಗ ನಾಲ್ಕನೇ ಜಾಗದಲ್ಲಿ 'ಮೈ' ಬಂತು, ಎಳೆಯಲು ಯೋಗ್ಯವಾದ ಸ್ವರ. ಜೊತೆಗೆ ಇನ್ನೊಂದು ಲಾಭವೂ ಆಯಿತು. ದರ್ಬೀ ಎಂದರೆ ಬರೀ ಹಾದಿಯಲ್ಲ, 'ನನ್ನ' ಹಾದಿ. ಆ 'ನನ್ನ' ಈಗ ಮರಳಿತು.

ಇದೇ ಸಾಲಿನಲ್ಲಿ 'ಟೈಟ್' ಬದಲು 'ಹೆವಿ' ಎಂದು ಹಾಕಿದರೆ ಇಂಗ್ಲಿಷ್ ಇನ್ನೂ ಸಹಜವಾಗುತ್ತದಲ್ಲವೇ ಎಂದು ಯಾರಾದರೂ ಕೇಳಬಹುದು. ಆಗುತ್ತದೆ, ಆದರೆ ಬದಲಿಸಬಾರದು. ಫಿರ್‌ಔನನ ಬಳಿಗೆ ಹೋಗಲು ಆಜ್ಞೆಯಾದಾಗ ಮೂಸಾ(ಅ) ತಮ್ಮ ಎದೆ ಇಕ್ಕಟ್ಟಾಗುತ್ತದೆ ಎಂದು ಹೇಳಿಕೊಂಡದ್ದು ಸೂರಃ ಅಶ್ಶುಅರಾದಲ್ಲಿದೆ (26:13). ಎದೆಯನ್ನು ವಿಶಾಲಗೊಳಿಸು ಎಂದು ಅವರು ಬೇಡಿದ್ದು ಸೂರಃ ತಾಹಾದಲ್ಲಿದೆ (20:25). ಪ್ರವಾದಿವರ್ಯರ(ಸ) ಎದೆಯನ್ನು ತೆರೆದ ಅನುಗ್ರಹದ ನೆನಪಿನಿಂದಲೇ 94ನೇ ಸೂರಃ ಆರಂಭವಾಗುತ್ತದೆ. ಇಕ್ಕಟ್ಟು ಎಂಬ ಪದ ಉಳಿದರೆ ಮಗು ಮುಂದೊಂದು ದಿನ ಆ ವಚನಗಳನ್ನು ಓದುವಾಗ ಹಾಡು ನೆನಪಾಗುತ್ತದೆ. ಭಾರ ಎಂದು ಬದಲಿಸಿದರೆ ಆ ಕೊಂಡಿ ಕಡಿದುಹೋಗುತ್ತದೆ.

ಬಿಟ್ಟುಕೊಟ್ಟದ್ದರ ಲೆಕ್ಕ

ಈ ನಾಲ್ಕು ಸಾಲಿನಲ್ಲಿ ನಾವು ಏನೇನು ಕಳೆದುಕೊಂಡೆವು ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ನಾಲ್ಕು ಸಾಲಿನ ಏಕಪ್ರಾಸ ಎರಡು ಸಾಲಿಗೆ ಇಳಿಯಿತು. ಎರಡನೇ ಸಾಲಿನೊಳಗೆ ಕಲ್ಬೀ, ಕರ್ಬೀ ಎಂದು ಮೂಡುತ್ತಿದ್ದ ಒಳಪ್ರಾಸ ಪೂರ್ತಿ ಹೋಯಿತು. ಎರಡು, ಮೂರು, ನಾಲ್ಕನೇ ಸಾಲುಗಳಲ್ಲಿ ಒಂದು ಅಕ್ಷರ ಕಡಿಮೆಯಾಯಿತು. ಎಂಟನೇ ಸ್ವರಕ್ಕೆ ಪದವಿಲ್ಲದ್ದರಿಂದ ಏಳನೆಯದನ್ನೇ ಎಳೆದು ಎರಡು ಸ್ವರ ತುಂಬಬೇಕು. 'ಹಾರ್ಟ್', 'ಲಾಂಗ್', 'ರಾಂಗ್' ಈ ಎಳೆತವನ್ನು ತಾಳುತ್ತವೆ. 'ಸಿನ್' ಎಂಬ ಚಿಕ್ಕ ಸ್ವರದ ಪದವಾಗಿದ್ದರೆ ತಾಳುತ್ತಿರಲಿಲ್ಲ, 'ಸೀನ್' ಎಂದು ಕೇಳಿಸಿ ಬೇರೆ ಪದವೇ ಆಗುತ್ತಿತ್ತು.

ಹೀಗೆ ನೋಡಿದರೆ ಬಿಡುವ ಕ್ರಮ ಸ್ಪಷ್ಟವಾಗುತ್ತದೆ. ಮೊದಲು ಬಿಡಬೇಕಾದದ್ದು ಏಕಪ್ರಾಸ, ಅದು ಅರಬಿಗೆ ಅಗ್ಗ, ಇಂಗ್ಲಿಷಿಗೆ ದುಬಾರಿ. ಆಮೇಲೆ ಒಳಪ್ರಾಸ. ಆಮೇಲೆ ಸಾಲಿನ ಕೊನೆಯ ಒಂದು ಅಕ್ಷರ. ಎಳೆಯುವ ಜಾಗಗಳನ್ನು ಬಿಡಲಾಗದು, ಬಿಟ್ಟರೆ ಅದು ಹಾಡಾಗಿ ಉಳಿಯುವುದಿಲ್ಲ. ಅಲ್ಲಾಹನ ಗುಣಗಳನ್ನು ಹೇಳುವ ಪದ, ಕುರ್‌ಆನಿನ ನೆನಪನ್ನು ಹೊತ್ತ ಪದ, ಯಾರನ್ನು ಕುರಿತು ಬೇಡುತ್ತಿದ್ದೇವೆ ಎಂಬ ಸಂಬೋಧನೆ, ಈ ಮೂರನ್ನು ಮುಟ್ಟಲೇಬಾರದು. ಇವು ಸಾಲಿನಲ್ಲಿ ಹಿಡಿಯುವುದೇ ಇಲ್ಲವೆಂದಾದರೆ ಆ ಸಾಲನ್ನು ಅರಬಿಯಲ್ಲೇ ಹಾಡಿ, ಅರ್ಥವನ್ನು ಮೊದಲೇ ಹೇಳಿಕೊಡುವುದು ಮೇಲು. ಜುಮಾ ಖುತ್ಬಾದ ವಿಷಯದಲ್ಲೂ ಹಲವು ಮಸೀದಿಗಳಲ್ಲಿ ನಡೆಯುವುದು ಹಾಗೆಯೇ ಅಲ್ಲವೇ? ಅರಬಿ ವಚನ ಅರಬಿಯಲ್ಲೇ ಇರುತ್ತದೆ, ಅದರ ಸಾರ ಜನರ ಭಾಷೆಯಲ್ಲಿ ಬರುತ್ತದೆ.

ಪ್ರಶಂಸೆಯ ಹಾಡುಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಕ್ರೈಸ್ತರು ಮರ್ಯಮರ ಪುತ್ರರನ್ನು ಹೊಗಳುವುದರಲ್ಲಿ ಮಿತಿಮೀರಿದಂತೆ ನನ್ನ ವಿಷಯದಲ್ಲಿ ಮಿತಿಮೀರಬೇಡಿ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಬೂಸೀರಿಯೂ ತಮ್ಮ ಕಾವ್ಯದೊಳಗೇ ಈ ಗಡಿಯನ್ನು ನೆನಪಿಸಿ, ಆ ಗಡಿಯೊಳಗೆ ಹೊಗಳಿ ಎನ್ನುತ್ತಾರೆ. ಬುರ್ದಾದ ಕೆಲವು ಸಾಲುಗಳ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಇರುವುದು ಎಲ್ಲರಿಗೂ ಗೊತ್ತು. ಹೀಗಿರುವಾಗ ಅನುವಾದಕ ಪ್ರಾಸ ತುಂಬಲು 'ಡಿವೈನ್' ಎಂಬಂತಹ ಒಂದು ವಿಶೇಷಣವನ್ನು ಪ್ರವಾದಿವರ್ಯರ(ಸ) ಹೆಸರಿನ ಪಕ್ಕ ಇಟ್ಟರೆ, 'ಶೈನ್' ಎಂಬುದಕ್ಕೆ ಪ್ರಾಸ ಸಿಕ್ಕಿತೇ ಹೊರತು ಕವಿ ದಾಟದ ಗಡಿಯನ್ನು ಅನುವಾದ ದಾಟಿತು. ಚರ್ಚೆಯಲ್ಲಿರುವ ಸಾಲನ್ನು ಮೃದುಗೊಳಿಸುವುದೂ ಅವನ ಕೆಲಸವಲ್ಲ, ಇನ್ನಷ್ಟು ಹರಿತಗೊಳಿಸುವುದೂ ಅಲ್ಲ. ಕವಿ ಹೇಳಿದ್ದನ್ನೇ ಹೇಳಿದರೆ ಓದುಗರು ಉಲಮಾಗಳನ್ನು ಕೇಳಿ ತಿಳಿಯಬಲ್ಲರು.

ಇನ್ನೊಂದು ದಾರಿಯೂ ಇದೆ. ಬ್ರಿಟನ್‌ನ ವಿದ್ವಾಂಸ ಅಬ್ದುಲ್ ಹಕೀಮ್ ಮುರಾದ್ 2005ರಲ್ಲಿ ತಂದ ಹಾಡುಗಳ ಸಂಗ್ರಹದಲ್ಲಿ ಅರಬಿ ರಾಗಕ್ಕೆ ಇಂಗ್ಲಿಷನ್ನು ಬಗ್ಗಿಸುವ ಬದಲು, ಬ್ರಿಟನ್ನಿನ ಹಳೆಯ ಜನಪದ ಧಾಟಿಗಳಿಗೆ ಇಂಗ್ಲಿಷ್ ಭಕ್ತಿಗೀತೆಗಳನ್ನು ಹೊಂದಿಸಿದರು. ಅಲ್ಲಿ ರಾಗವೇ ಇಂಗ್ಲಿಷಿನ ಒತ್ತಿಗೆ ಹುಟ್ಟಿದ್ದು, ಹೀಗಾಗಿ ಪದವೂ ರಾಗವೂ ಜಗಳವಾಡುವುದಿಲ್ಲ. ಆದರೆ ಮಂಗಳೂರಿನ ಅಜ್ಜಿ ಮತ್ತು ಲಂಡನ್ನಿನ ಮೊಮ್ಮಗಳು ಒಂದೇ ರಾಗದಲ್ಲಿ ಒಟ್ಟಿಗೆ ಹಾಡಬೇಕೆಂದರೆ ಈ ದಾರಿ ಒದಗುವುದಿಲ್ಲ. ಅಲ್ಲಿ ಬಿಟ್ಟುಕೊಟ್ಟದ್ದು ರಾಗವನ್ನು.

ಮದ್ರಸದಲ್ಲಿ ಇಂತಹ ಹಾಡನ್ನು ಕಲಿಸುವ ಉಸ್ತಾದರಿಗೆ ನಮ್ಮ ವಿನಂತಿ ಇಷ್ಟೇ. ಇಂಗ್ಲಿಷ್ ಪಾಠ ಕೈಗೆ ಬಂದಾಗ ಮೂಲವನ್ನು ಪಕ್ಕದಲ್ಲಿಟ್ಟು ಸಾಲಿನ ಕೊನೆಯ ಪದಗಳನ್ನು ತಾಳೆ ನೋಡಿ. ಆಮೇಲೆ ಒಮ್ಮೆ ರಾಗದಲ್ಲಿ ಹಾಡಿ, ದನಿ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಯಾವ ಪದ ಕೂತಿದೆ ನೋಡಿ. ಎರಡೂ ಸರಿಯಿದ್ದರೆ ಮಕ್ಕಳ ಬಾಯಿಗೆ ಕೊಡಿ. ಅಲ್ಲಾಹನು ಹೆಚ್ಚು ಬಲ್ಲವನು.